ಮೊದಲ ಉದ್ರಿಗೂ ಮುಂಚಿನ ನಾಲ್ಕು ಪರದೆಗಳು

ಕೇಳುಗರಿಗೆ ನಮಸ್ಕಾರ.

ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕವನ್ನು ಮೊಬೈಲಿನಲ್ಲೇ ಬರೆದಿಡುವ ಆ್ಯಪ್‌ಗಳನ್ನು ನೀವು ನೋಡಿರುತ್ತೀರಿ. ಅಂಥದ್ದೊಂದನ್ನು ಹೊಸದಾಗಿ ಹಾಕಿಕೊಂಡಾಗ ಲೆಕ್ಕದ ಪುಟ ತೆರೆಯುವ ಮೊದಲು ನಾಲ್ಕು ಪರದೆಗಳು ಬರುತ್ತವೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಭಾಷೆ, ಎರಡನೆಯದರಲ್ಲಿ ಮೊಬೈಲ್ ನಂಬರ್ ಮತ್ತು ಒಟಿಪಿ, ಮೂರನೆಯದರಲ್ಲಿ ಅನುಮತಿಗಳು, ನಾಲ್ಕನೆಯದರಲ್ಲಿ ಅಂಗಡಿಯ ವಿವರ. ಆ್ಯಪ್ ತಯಾರಿಸುವವರು ಇದನ್ನು ಆನ್‌ಬೋರ್ಡಿಂಗ್ ಎನ್ನುತ್ತಾರೆ. ಈ ನಾಲ್ಕು ಪರದೆಗಳನ್ನು ಪರೀಕ್ಷಿಸಿ ತೀರ್ಪು ಕೊಡುವುದು ಹೇಗೆ ಎಂಬುದು ಇವತ್ತಿನ ಮಾತು.

ಪರೀಕ್ಷೆಗೆ ಕಚೇರಿಯ ದುಬಾರಿ ಫೋನ್ ಬೇಡ. ಅಂಗಡಿಯವರ ಕೈಯಲ್ಲಿರುವಂಥ ಕಡಿಮೆ ಬೆಲೆಯ ಫೋನ್ ತೆಗೆದುಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ, ವೈಫೈ ಆರಿಸಿ. ಆ್ಯಪ್ ಹೊಸದಾಗಿ ಹಾಕಿ, ಪ್ರತಿ ಪರದೆಯಲ್ಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಏನು ಕೇಳುತ್ತಿದ್ದಾರೆ? ಅದು ಈಗಲೇ ಬೇಕೆ? ಕೊಡದಿದ್ದರೆ ಏನಾಗುತ್ತದೆ? ಜೊತೆಗೆ ಬೆರಳು ಎಷ್ಟು ಸಲ ಒತ್ತಿತು ಎಂದು ಎಣಿಸುತ್ತಾ ಹೋಗಿ.

ಭಾಷೆಯ ಪರದೆ ಸುಲಭದ್ದು, ಆದರೂ ಅಲ್ಲಿ ಎಡವುವವರು ಬಹಳ. ಭಾಷೆಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ, ಕನ್ನಡ ಮಾತ್ರ ಓದಬಲ್ಲವರಿಗೆ ತಮ್ಮ ಭಾಷೆಯೇ ಸಿಗುವುದಿಲ್ಲ. ಪ್ರತಿ ಭಾಷೆಯೂ ತನ್ನ ಲಿಪಿಯಲ್ಲೇ ಇರಬೇಕು. ಕನ್ನಡವನ್ನು ಆರಿಸಿದ ಮೇಲೂ ಕೆಳಗಿನ ಬಟನ್ ‘ಕಂಟಿನ್ಯೂ’ ಎಂದೇ ಇಂಗ್ಲಿಷಿನಲ್ಲಿ ಉಳಿದರೆ ಅದೂ ದೋಷವೇ. ಇನ್ನೊಂದನ್ನು ಕಣ್ಣಿಟ್ಟು ನೋಡಿ: ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದರೆ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿರುತ್ತದೆ. ಅಕ್ಷರ ದೊಡ್ಡದು ಮಾಡಿದಾಗ ಇದು ಎದ್ದು ಕಾಣುತ್ತದೆ.

ಎರಡನೆಯ ಪರದೆಯಲ್ಲಿ ಹತ್ತು ಅಂಕಿ ನಂಬರ್, ಒಂದು ಬಟನ್, ಆರು ಅಂಕಿ ಒಟಿಪಿ, ಮತ್ತೊಂದು ಬಟನ್: ಒಟ್ಟು 18 ಒತ್ತು. ಇಲ್ಲಿ ನಂಬರ್ ಪ್ಯಾಡ್ ತಾನಾಗಿ ತೆರೆಯಬೇಕು. ಯಾರಾದರೂ ನಂಬರಿನ ಮೊದಲಿಗೆ ಸೊನ್ನೆಯನ್ನೋ ಪ್ಲಸ್ 91 ಅನ್ನೋ ಹಾಕಿದರೆ ಆ್ಯಪ್ ತಾನೇ ಅದನ್ನು ತೆಗೆಯಬೇಕು, ‘ತಪ್ಪು ನಂಬರ್’ ಎಂದು ಗದರಬಾರದು. ಕಡಿಮೆ ಮೆಮೊರಿಯ ಫೋನಿನಲ್ಲಿ ಒಂದು ವಿಶೇಷ ತೊಂದರೆ ಇದೆ. ಒಟಿಪಿ ನೋಡಲು ಮೆಸೇಜ್‌ಗೆ ಹೋಗಿ ಮರಳುವಷ್ಟರಲ್ಲಿ ಫೋನ್ ಆ್ಯಪನ್ನು ಮುಚ್ಚಿರುತ್ತದೆ, ಬರೆದ ನಂಬರ್ ಮಾಯವಾಗಿ ಮೊದಲಿನಿಂದ ಶುರು. ದುಬಾರಿ ಫೋನಿನಲ್ಲಿ ಇದು ಕಾಣಿಸುವುದೇ ಅಪರೂಪ, ಹಾಗಾಗಿ ತಯಾರಿಸಿದವರಿಗೆ ಗೊತ್ತೇ ಆಗಿರುವುದಿಲ್ಲ.

ಈಗ ಮೂರನೆಯ ಪರದೆ. ನನ್ನ ಮಟ್ಟಿಗೆ ನಾಲ್ಕರಲ್ಲಿ ಅತಿ ಕೆಟ್ಟದ್ದು ಇದೇ. ಕಾಂಟ್ಯಾಕ್ಟ್ಸ್, ಎಸ್‌ಎಂಎಸ್, ನೋಟಿಫಿಕೇಶನ್ ಮೂರಕ್ಕೂ ಒಟ್ಟಿಗೇ ಅನುಮತಿ ಕೇಳುತ್ತಾರೆ. ಅಂಗಡಿಯಾಕೆ ಇನ್ನೂ ಒಂದು ರೂಪಾಯಿಯ ಉದ್ರಿಯನ್ನೂ ಬರೆದಿಲ್ಲ. ತನ್ನ ನೆಂಟರಿಷ್ಟರ ನಂಬರೆಲ್ಲ ಈ ಆ್ಯಪ್‌ಗೆ ಯಾಕೆ ಎಂದು ಆಕೆಗೆ ಅನ್ನಿಸುವುದು ಸಹಜ, ಆ ಅನುಮಾನ ನ್ಯಾಯವಾದದ್ದೂ ಹೌದು. ಬೇಡ ಎಂದು ಒತ್ತಿದರೆ ಮುಂದಿನ ಪರಿಣಾಮ ಆ್ಯಪ್‌ನವರಿಗೇ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ, ಒಂದು ಅನುಮತಿಯನ್ನು ಎರಡು ಸಲ ನಿರಾಕರಿಸಿದರೆ ಫೋನ್ ಆ ಪ್ರಶ್ನೆಯನ್ನು ಮತ್ತೆ ತೋರಿಸುವುದೇ ಇಲ್ಲ. ಆಮೇಲೆ ಬೇಕಾದರೆ ಸೆಟ್ಟಿಂಗ್ಸ್ ಒಳಗೆ ಹುಡುಕಿಕೊಂಡು ಹೋಗಬೇಕು. ಅಂದರೆ ಇರುವ ಎರಡು ಅವಕಾಶಗಳಲ್ಲಿ ಒಂದನ್ನು, ಕಾರಣವೇ ಕಾಣದ ಹೊತ್ತಿನಲ್ಲಿ ಕಳೆದುಕೊಂಡಂತಾಯಿತು.

ಇನ್ನೂ ಮುಖ್ಯವಾದದ್ದು, ಈ ಅನುಮತಿಗಳಲ್ಲಿ ಎರಡು ಬೇಕಾಗಿಯೇ ಇಲ್ಲ. ತನ್ನ ಒಟಿಪಿ ಇರುವ ಒಂದು ಮೆಸೇಜನ್ನಷ್ಟೇ ಪಡೆದುಕೊಳ್ಳುವ ಸೌಲಭ್ಯವನ್ನು ಗೂಗಲ್ ಕೊಟ್ಟಿದೆ, ಅದಕ್ಕೆ ಎಲ್ಲ ಎಸ್‌ಎಂಎಸ್ ಓದುವ ಅನುಮತಿ ಬೇಡ. ಗ್ರಾಹಕರ ನಂಬರಿಗೂ ಹಾಗೆಯೇ: ಫೋನಿನ ಸ್ವಂತ ಕಾಂಟ್ಯಾಕ್ಟ್ ಪಟ್ಟಿಯನ್ನು ತೆರೆದು ಒಬ್ಬರನ್ನು ಆರಿಸಲು ಬಿಟ್ಟರೆ, ಆ ಒಬ್ಬರ ನಂಬರ್ ಮಾತ್ರ ಆ್ಯಪ್‌ಗೆ ಸಿಗುತ್ತದೆ, ಉಳಿದವರದ್ದು ಸಿಗುವುದಿಲ್ಲ. ನೋಟಿಫಿಕೇಶನ್ ಒಂದೇ ಉಳಿಯಿತು. ಆಂಡ್ರಾಯ್ಡ್ 13ರಿಂದ ಅದಕ್ಕೆ ಕೇಳಲೇಬೇಕು. ಆದರೆ ‘ಶುಕ್ರವಾರ ನೆನಪಿಸು’ ಎಂದು ಅಂಗಡಿಯವರು ಮೊದಲ ಸಲ ಒತ್ತಿದಾಗ ಕೇಳಿದರೆ ಸಾಕು, ಆಗ ಯಾಕೆ ಎಂದು ವಿವರಿಸುವ ಕೆಲಸವೂ ಇಲ್ಲ. ಹೀಗೆ ನೋಡಿದರೆ ಮೂರನೆಯ ಪರದೆಯನ್ನು ತಿದ್ದುವ ಪ್ರಶ್ನೆಯೇ ಬರುವುದಿಲ್ಲ, ಅದನ್ನು ತೆಗೆದುಹಾಕಬಹುದು.

ನಾಲ್ಕನೆಯದು ಅಂಗಡಿಯ ಹೆಸರು, ವ್ಯಾಪಾರದ ಬಗೆ, ವಿಳಾಸ, ಪಿನ್ ಕೋಡ್, ಜಿಎಸ್‌ಟಿ ಸಂಖ್ಯೆ ಕೇಳುತ್ತದೆ. ನಿಮ್ಮ ಎಣಿಕೆಯನ್ನು ಈಗ ನೋಡಿ. ಭಾಷೆಯ ಪರದೆಯಲ್ಲಿ ಷರತ್ತಿಗೆ ಗುರುತು ಹಾಕುವುದೂ ಸೇರಿ 3, ಎರಡನೆಯದರಲ್ಲಿ 18, ಅನುಮತಿಗಳಿಗೆ 4, ಒಟ್ಟು 25 ಒತ್ತು. ನಾಲ್ಕನೆಯದೊಂದರಲ್ಲೇ 60 ದಾಟುತ್ತದೆ, ಜಿಎಸ್‌ಟಿ ಸಂಖ್ಯೆಯೇ 15 ಅಕ್ಷರ. ಓಟ ತಪ್ಪುವುದು ಇಲ್ಲಿ. ಮೇಲುಗಡೆ ‘4ರಲ್ಲಿ 4’ ಎಂದು ಬರೆದಿರುತ್ತದೆ, ಮುಗಿಯಿತು ಎಂದುಕೊಂಡವರ ಮುಂದೆ ಕೆಲಸದ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಾಗೇ ಬಾಕಿ ಇರುತ್ತದೆ. ಇನ್ನು ಜಿಎಸ್‌ಟಿ ಸಂಖ್ಯೆಯನ್ನು ಕಡ್ಡಾಯ ಮಾಡಿದ್ದರೆ, ನೋಂದಣಿಯ ಅಗತ್ಯವೇ ಇಲ್ಲದ ಸಣ್ಣ ಅಂಗಡಿಯವರಿಗೆ ದಾರಿಯೇ ಮುಚ್ಚಿತು. ಅವರು ಸುಳ್ಳು ಅಂಕಿ ತುಂಬುತ್ತಾರೆ, ಇಲ್ಲವೇ ಆ್ಯಪ್ ತೆಗೆದುಹಾಕುತ್ತಾರೆ. ಉದ್ರಿ ಬರೆಯಲು ಈ ಐದರಲ್ಲಿ ಒಂದೂ ಬೇಡ. ಗ್ರಾಹಕರಿಗೆ ಬಾಕಿಯ ಮೆಸೇಜ್ ಹೋಗುವಾಗ ಅಂಗಡಿಯ ಹೆಸರು ಬೇಕು, ಅದನ್ನು ಆಗ ಕೇಳಬಹುದು.

ಹಾಗೆಂದು ಎಲ್ಲ ಅಡೆತಡೆಯೂ ಅನಗತ್ಯವಲ್ಲ. ಫೋನ್ ಕಳೆದುಹೋದರೆ ಲೆಕ್ಕ ವಾಪಸು ಸಿಗಬೇಕಾದರೆ ನಂಬರ್ ಖಾತ್ರಿಯಾಗಿರಲೇಬೇಕು, ಒಟಿಪಿ ಅದಕ್ಕಾಗಿಯೇ ಇರುವುದು. ಅದರ ಜಾಗವನ್ನು ಮಾತ್ರ ಬದಲಿಸಬೇಕು. ಭಾಷೆ ಆರಿಸಿದ ಕೂಡಲೇ ಲೆಕ್ಕದ ಪುಟ ತೆರೆಯಲಿ, ಮೊದಲ ಉದ್ರಿ ಫೋನಿನಲ್ಲೇ ಉಳಿಯಲಿ. ಉಳಿಸಿದ ಮರುಕ್ಷಣ ‘ಈ ಲೆಕ್ಕ ಕಳೆಯದಂತೆ ಇಡಲು ನಿಮ್ಮ ನಂಬರ್ ಕೊಡಿ’ ಎಂದು ಕೇಳಲಿ. ಕಾಪಾಡಲು ಏನೋ ಇದೆ ಎಂದಾಗ ನಂಬರ್ ಕೊಡಲು ಹಿಂಜರಿಕೆ ಇರುವುದಿಲ್ಲ.

ನಿಮ್ಮ ತೀರ್ಪು ಸರಿಯೇ ಎಂದು ತಿಳಿಯಲು ಐದು ಮಂದಿ ಅಂಗಡಿಯವರ ಕೈಗೆ ಫೋನ್ ಕೊಟ್ಟು, ‘ಒಬ್ಬರ ಹೆಸರಿಗೆ ಐವತ್ತು ರೂಪಾಯಿ ಉದ್ರಿ ಬರೆಯಿರಿ’ ಎಂದಷ್ಟೇ ಹೇಳಿ ಸುಮ್ಮನಿರಿ. ಬೆರಳು ಎಲ್ಲಿ ನಿಂತಿತು, ಯಾವ ಪರದೆಯಿಂದ ಹಿಂದಕ್ಕೆ ಹೋದರು ಎಂದು ಬರೆದುಕೊಳ್ಳಿ. ಪರದೆ ದಾಟಿದ ಮೇಲೆ, ‘ಅಲ್ಲಿ ಏನು ಕೇಳಿದರು?’ ಎಂದು ವಿಚಾರಿಸಿ. ಆ್ಯಪ್‌ನ ಒಳಲೆಕ್ಕ ಇದನ್ನು ಹೇಳುವುದಿಲ್ಲ. ಅನುಮತಿಯ ಪರದೆಯನ್ನು ನೂರಕ್ಕೆ ತೊಂಬತ್ತು ಮಂದಿ ದಾಟಿದರು ಎಂದು ಅದು ತೋರಿಸಿದರೂ, ಅವರು ಒಪ್ಪಿ ಒತ್ತಿದರೋ, ಪೀಡೆ ತೊಲಗಲಿ ಎಂದು ಒತ್ತಿದರೋ ಅದಕ್ಕೆ ಗೊತ್ತಾಗುವುದಿಲ್ಲ.

ಕೊನೆಯದಾಗಿ, ಇದೇ ಆ್ಯಪನ್ನು ಎರಡನೆಯ ಫೋನಿನಲ್ಲಿ ಹಾಕಿ ನೋಡಿ. ಹಳೆಯ ಲೆಕ್ಕ ಇರುವವರಿಗೆ ನಂಬರ್ ಮೊದಲೇ ಕೇಳುವುದು ಸರಿಯಾದ ಕ್ರಮ. ಅದಕ್ಕಾಗಿ ಭಾಷೆಯ ಪರದೆಯ ಕೆಳಗೆ ‘ನನ್ನ ಹಳೆಯ ಲೆಕ್ಕ ಇದೆ’ ಎಂಬ ಒಂದು ಸಾಲು ಇರಲಿ. ಅದನ್ನು ಒತ್ತಿದವರಿಗೆ ಒಟಿಪಿ ಆದ ನಂತರ ನೇರವಾಗಿ ಅವರ ಬಾಕಿ ಪಟ್ಟಿ ತೆರೆಯಬೇಕು. ಅಂಗಡಿಯ ಹೆಸರನ್ನು ಮತ್ತೆ ಕೇಳಿದರೆ, ಅದನ್ನೂ ನಿಮ್ಮ ದೋಷಗಳ ಪಟ್ಟಿಗೆ ಸೇರಿಸಿ.

ನಮಸ್ಕಾರ.