ಸಂಜೆಯಾದರೆ ಅಳುವ ಕೂಸು

ನಮಸ್ಕಾರ. ಆರು ವಾರದ ಮಗುವನ್ನು ಎತ್ತಿಕೊಂಡು ಒಬ್ಬ ಬಾಣಂತಿ ನನ್ನ ಹತ್ತಿರ ಬಂದಿದ್ದರು. ಜೊತೆಗೆ ಅವರ ತಾಯಿ. ಮಗು ಹಗಲೆಲ್ಲ ಚೆನ್ನಾಗಿರುತ್ತದೆ. ಸಂಜೆ ಆರೂವರೆ ಆಯಿತೆಂದರೆ ಅಳು ಶುರು. ಮುಖ ಕೆಂಪಾಗುತ್ತದೆ, ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತದೆ. ಹತ್ತು ಗಂಟೆಯವರೆಗೆ ಯಾರು ಎತ್ತಿಕೊಂಡರೂ ನಿಲ್ಲದು. ದೃಷ್ಟಿ ತೆಗೆದಿದ್ದರು, ಬಜೆ ತೇಯ್ದು ನೆಕ್ಕಿಸಿದ್ದರು. "ನನ್ನ ಹಾಲೇ ಸಾಲ್ತಿಲ್ಲ ಡಾಕ್ಟ್ರೇ, ಡಬ್ಬಿ ಹಾಲು ಕೊಡ್ಲಾ?" ಎಂದು ಆ ತಾಯಿ ಅತ್ತೇಬಿಟ್ಟರು.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳು ನೋಡಿ ತಿಳಿಯಲಾಗದು. ತೂಕ ನೋಡಬೇಕು, ಒದ್ದೆ ಬಟ್ಟೆ ಎಣಿಸಬೇಕು. ಈ ಮಗು ಹುಟ್ಟಿದಾಗ 2.8 ಕಿಲೋ ಇತ್ತು, ಈಗ 3.9. ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು, ಇದು ಚೆನ್ನಾಗಿಯೇ ಏರಿದೆ. ದಿನಕ್ಕೆ ಏಳೆಂಟು ಸಲ ಮೂತ್ರ ಮಾಡುತ್ತಿದೆ. ಆರು ಸಲವಾದರೂ ಆಗಬೇಕು. ಅಂದರೆ ಹಾಲಿಗೆ ಏನೂ ಕೊರತೆಯಿಲ್ಲ.

ಆಮೇಲೆ ಹಾಲು ಕುಡಿಸುವುದನ್ನು ನೋಡಿದೆ. ಮಗು ಬರೀ ತೊಟ್ಟನ್ನು ಚೀಪುತ್ತಿತ್ತು, ಚಪ್‌ ಚಪ್‌ ಸದ್ದು ಬರುತ್ತಿತ್ತು. ಹಾಗೆ ಕುಡಿದರೆ ಗಾಳಿಯೂ ಒಳಗೆ ಹೋಗುತ್ತದೆ. ಬಾಯಿ ದೊಡ್ಡದಾಗಿ ತೆರೆದಾಗ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಿದೆವು. ಸದ್ದು ನಿಂತಿತು. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಲು ಹೇಳಿದೆ. ಇದರಿಂದ ಸಂಜೆಯ ಅಳು ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಿಲ್ಲ, ಯಾಕೆಂದರೆ ಈ ಅಳುವಿಗೆ ಒಂದೇ ಕಾರಣ ಇನ್ನೂ ಯಾರಿಗೂ ಸಿಕ್ಕಿಲ್ಲ. ಎರಡನೇ ಮೂರನೇ ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ಜಾಸ್ತಿಯಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಬಜೆ, ಗ್ರೈಪ್ ವಾಟರ್ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ.

ಸಂಜೆ ಆರಕ್ಕೇ ದೀಪ ಮಂದ ಮಾಡಿ, ಟಿವಿ ಆರಿಸಿ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು, ತಲೆಗೆ ಆಸರೆ ಕೊಟ್ಟು, ಮೆಲ್ಲಗೆ ನಡೆದಾಡಿ. ಕಿವಿಯ ಬಳಿ 'ಶ್ಶ್' ಎನ್ನುತ್ತಿರಿ. ಒಂದು ಉಪಾಯವನ್ನು ಹತ್ತು ನಿಮಿಷವಾದರೂ ಮಾಡಿ ನೋಡಿ. ನಿಮಿಷಕ್ಕೊಂದು ಬದಲಿಸಿದರೆ ಮಗು ಇನ್ನೂ ಕೆರಳುತ್ತದೆ. ನಿದ್ದೆ ಬಂದರೆ ಅಂಗಾತವಾಗಿಯೇ ಮಲಗಿಸಿ.

ಆದರೆ 100.4 ಡಿಗ್ರಿ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ತೊಡೆಸಂದಿನಲ್ಲಿ ಊತ ಇದ್ದರೆ, ಹಾಲು ಬಿಟ್ಟರೆ, ಮಂಕಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ನಿಮಗೆ ಸಿಟ್ಟು ನೆತ್ತಿಗೇರಿದರೆ, ಅದು ಬರುತ್ತದೆ, ಅದಕ್ಕೆ ನೀವು ಕೆಟ್ಟ ತಾಯಿ ಅಲ್ಲ, ಮಗುವನ್ನು ಮಾತ್ರ ಅಲುಗಾಡಿಸಬೇಡಿ. ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹತ್ತು ನಿಮಿಷ ಹೊರಗೆ ಕೂತು ನೀರು ಕುಡಿಯಿರಿ. ಆ ಮನೆಯಲ್ಲಿ ಈಗ ಏಳರಿಂದ ಎಂಟೂವರೆವರೆಗೆ ಅಪ್ಪ ಎತ್ತಿಕೊಳ್ಳುತ್ತಾರೆ. ಅಷ್ಟು ಹೊತ್ತು ಬಾಣಂತಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ.