ಮೊದಲು ಕೊನೆಯ ಸಾಲು ನೋಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ, ಆದರೆ ಒಂದು ಕಮೆಂಟ್ ನೋಡಿ ಸುಮ್ನೆ ಇರೋಕಾಗಲಿಲ್ಲ. ನಮ್ಮ ಕಂಪ್ಯೂಟರಿನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಸಿಗುವ ರೂಟರುಗಳನ್ನು ಸಾಲು ಸಾಲಾಗಿ ತೋರಿಸುವ WinMTR ಅನ್ನೋ ಟೂಲಿನ ಸ್ಕ್ರೀನ್‌ಶಾಟ್ ಹಾಕಿದ್ದಾರೆ. ನಾಲ್ಕನೇ ಹಾಪ್‌ನಲ್ಲಿ, ಅಂದರೆ ನಾಲ್ಕನೇ ಸಾಲಿನ ರೂಟರಿನಲ್ಲಿ, 60% ಪ್ಯಾಕೆಟ್ ಲಾಸ್. "ಗೇಮ್ ಲ್ಯಾಗ್ ಆಗೋದಕ್ಕೆ ಇದೇ ಕಾರಣ" ಅಂತ ಬರೆದಿದ್ದಾರೆ. ಕೊನೆಯ ಸಾಲು, ಅಂದರೆ ನಾವು ತಲುಪಬೇಕಾದ ಸರ್ವರ್, ನೋಡಿದರೆ 0%!

ನಾಲ್ಕನೇ ರೂಟರ್ 100ರಲ್ಲಿ 60 ಪ್ಯಾಕೆಟ್ ಬೀಳಿಸಿದ್ದರೆ, ಅದನ್ನು ದಾಟಿ 100ಕ್ಕೆ 100 ಹೇಗೆ ತಲುಪಿದವು? ಆ ರೂಟರಿನ ಕೆಲಸ ಪ್ಯಾಕೆಟ್ ಮುಂದಕ್ಕೆ ಕಳಿಸೋದು. ನಮ್ಮ ಟ್ರೇಸ್‌ಗೆ ಉತ್ತರ ಕೊಡೋದು ಅದಕ್ಕೆ ಬಿಡುವಿನ ಕೆಲಸ. ಎಷ್ಟು ಉತ್ತರ ಕೊಡಬೇಕು ಅಂತ ಮಿತಿ ಇರುತ್ತದೆ. ಹಾಗಾಗಿ ಮೊದಲು ಕೊನೆಯ ಸಾಲು ನೋಡಿ.

"60% ಜಾಸ್ತಿ ಅಲ್ವಾ?" ಅಂತೀರಿ. 100% ಇರಲಿ, ಬರೀ ನಕ್ಷತ್ರ ಚಿಹ್ನೆ ಬರಲಿ. ಮುಂದಿನ ಸಾಲುಗಳು ಚೆನ್ನಾಗಿದ್ದರೆ ಅದು ಲಾಸ್ ಅಲ್ಲ.

ಕೊನೆಯ ಸಾಲೂ ಕೆಟ್ಟಿದ್ದರೆ? ಆಗ ಅಲ್ಲಿಂದ ಮೇಲಕ್ಕೆ ಬನ್ನಿ, ಎಲ್ಲಿಂದ ಶುರುವಾಗಿ ಕೊನೆವರೆಗೂ ಉಳಿದಿದೆ ಅಂತ ಹುಡುಕಿ. ಕಳೆದ ತಿಂಗಳು ನನ್ನ ಮನೆಯಲ್ಲಿ ಹೀಗೇ ಆಯಿತು. ರಾತ್ರಿ ಮ್ಯಾಚ್ ನಡುವೆ ಪಿಂಗ್ 30ರಿಂದ 250ಕ್ಕೆ ಹಾರುತ್ತಿತ್ತು. ಲ್ಯಾಗ್ ಆಗುತ್ತಿರುವಾಗಲೇ ಎರಡು ವಿಂಡೋ ತೆರೆದೆ:

```
ping -t 192.168.1.1
ping -t 8.8.8.8
```

ಮೊದಲನೆಯದು ನನ್ನ ರೂಟರ್. ಅದು 2 ಮಿಲಿಸೆಕೆಂಡ್‌ನಲ್ಲೇ ನಿಂತಿತ್ತು, ಅಂದರೆ ವೈಫೈ ತಪ್ಪಲ್ಲ. ಎರಡನೆಯದು ಹೊರಗಿರುವ ಗೂಗಲ್ ಸರ್ವರ್, ಅದು 250ರ ಹತ್ತಿರ. ಆಮೇಲೆ WinMTR ಓಡಿಸಿದರೆ, ಎರಡನೇ ಸಾಲಿನಿಂದ ಕೊನೆವರೆಗೂ 200ರ ಮೇಲೆ. ಇಂಟರ್ನೆಟ್ ಕಂಪನಿ ತಪ್ಪು ಅಂತ ನೀವೂ ಹೇಳುತ್ತೀರಿ, ನಾನೂ ಹಾಗೇ ಅಂದುಕೊಂಡೆ. ಆದರೆ ಮೊದಲನೇ ಸಾಲಿಗೂ ಎರಡನೆಯದಕ್ಕೂ ನಡುವೆ ನಮ್ಮ ರೂಟರಿನಿಂದ ಹೊರಗೆ ಹೋಗುವ ಕ್ಯೂ ಇದೆ! ಮನೆಯ ಒಂದು ಫೋನ್ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡುತ್ತಿತ್ತು. ಆ ಅಪ್‌ಲೋಡ್ ಹಿಂದೆ ಗೇಮಿನ ಪ್ಯಾಕೆಟ್ ಸಾಲಲ್ಲಿ ನಿಂತಿತ್ತು. ಬ್ಯಾಕಪ್ ನಿಲ್ಲಿಸಿದ ಕೂಡಲೇ ಎರಡನೇ ಸಾಲು 6ಕ್ಕೆ ಇಳಿಯಿತು. ಅಪ್‌ಲೋಡ್ ಏನೂ ಇಲ್ಲದೆಯೂ ಹಾಗೇ ಇದ್ದರೆ, ಆಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.

"ಗೇಮ್ ಸರ್ವರ್ ಪಿಂಗ್‌ಗೆ ಉತ್ತರವೇ ಕೊಡಲ್ಲ" ಅಂತ ಇನ್ನೊಬ್ಬರು. ಹೌದು, ಎಷ್ಟೋ ಸರ್ವರ್ ಕೊಡೋದಿಲ್ಲ. ಹಾಗಿದ್ದರೆ ಉತ್ತರ ಕೊಟ್ಟ ಸಾಲುಗಳಲ್ಲಿ ಕೊನೆಯದನ್ನು ನೋಡಿ. ಅಷ್ಟೇ! ಹತ್ತು ಪ್ಯಾಕೆಟ್ ಕಳಿಸಿ ಒಂದು ಬಿದ್ದರೆ "10% ಲಾಸ್" ಅಂತ ಕೂಗಬೇಡಿ, ಐದು ನಿಮಿಷ ಓಡಲು ಬಿಡಿ. ನಾಲ್ಕನೇ ಸಾಲು ಬಿಡಿ ಅಂದೆನಲ್ಲ, ಬಿಡಿ!

ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಮುಂದಿನ ವಿಡಿಯೋದಲ್ಲಿ ನಿಮ್ಮ ಟ್ರೇಸ್‌ಗಳನ್ನೇ ನೋಡೋಣ. ಲ್ಯಾಗ್ ಆಗುವಾಗಲೇ ತೆಗೆದ ಸ್ಕ್ರೀನ್‌ಶಾಟ್ ಕಳಿಸಿ. ಕೊನೆಯ ಸಾಲು ಕತ್ತರಿಸದೆ ಕಳಿಸಿ.