ಸೀನಿಯರ್ ರಿಪೋರ್ಟ್ ಪಕ್ಕಕ್ಕಿಡಿ, ಮೊದಲು ರೂಬ್ರಿಕ್ ತೆಗೆಯಿರಿ

ನಮಸ್ಕಾರ. ಪ್ರಾಜೆಕ್ಟ್ ಕೊಟ್ಟ ದಿನ ಸಂಜೆ ಹಾಸ್ಟೆಲ್‌ನಲ್ಲಿ ಮೊದಲು ನಡೆಯುವ ಕೆಲಸ ಯಾವುದು ಹೇಳಿ? ಸೀನಿಯರ್‌ಗೆ ಮೆಸೇಜ್ ಹಾಕಿ ಹೋದ ವರ್ಷದ ರಿಪೋರ್ಟ್ ಕೇಳುವುದು. ಪಿಡಿಎಫ್ ಬರುತ್ತದೆ. ಅದರ ಪರಿವಿಡಿ ಹಾಗೇ ಎತ್ತಿಕೊಳ್ಳುತ್ತಾರೆ. ಇಂಟ್ರೊಡಕ್ಷನ್, ಲಿಟರೇಚರ್ ಸರ್ವೆ, ಮೆಥಡಾಲಜಿ, ರಿಸಲ್ಟ್, ಕನ್‌ಕ್ಲೂಷನ್. ಟೀಮಲ್ಲಿ ನಾಲ್ಕು ಜನ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ, ಕೊನೆಯದನ್ನು ಎಲ್ಲರೂ ಸೇರಿ ಬರೆಯೋಣ ಅಂತಾರೆ. ಪ್ಲಾನಿಂಗ್ ಮುಗೀತು!

ಏನು ಮಾಡಬೇಕು ಅಂತ ಹೇಳುವ ಬ್ರೀಫ್ ಜೊತೆಗೆ ಕೊಟ್ಟಿದ್ದ ರೂಬ್ರಿಕ್ ಹಾಳೆ, ಅಂದರೆ ಯಾವುದಕ್ಕೆ ಎಷ್ಟು ಅಂಕ ಅಂತ ಬರೆದಿರುವ ಆ ಟೇಬಲ್, ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ ಹೊರಗೆ ಬರುತ್ತದೆ. ಎಲ್ಲಾ ಇದೆ ತಾನೇ ಅಂತ ಟಿಕ್ ಹಾಕುವುದಕ್ಕೆ. ನಾನು ಇವತ್ತು ವಾದ ಮಾಡುತ್ತಿರುವುದು ಇದರ ವಿರುದ್ಧ. ರೂಬ್ರಿಕ್ ಕೊನೆಗೆ ನೋಡುವ ಚೆಕ್‌ಲಿಸ್ಟ್ ಅಲ್ಲ. ನಿಮ್ಮ ಪರಿವಿಡಿ, ಕೆಲಸ ಹಂಚಿಕೆ, ಕ್ಯಾಲೆಂಡರ್, ಮೂರೂ ಅದರಿಂದಲೇ ಹುಟ್ಟಬೇಕು.

ಸುಮ್ನೆ ಹೇಳಿದರೆ ಪ್ರಯೋಜನ ಇಲ್ಲ, ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಿವಿಲ್ ಎಂಜಿನಿಯರಿಂಗ್‌ನ ಒಂದು ಮಿನಿ ಪ್ರಾಜೆಕ್ಟ್ ಅಂದುಕೊಳ್ಳಿ. ಬ್ರೀಫ್ ಹೀಗಿದೆ: "ನಿಮ್ಮ ಕ್ಯಾಂಪಸ್‌ನ ಒಂದು ಕಟ್ಟಡದ ಚಾವಣಿಯಲ್ಲಿ ಮಳೆನೀರು ಕೊಯ್ಲು ಸಾಧ್ಯವೇ ಎಂದು ಪರಿಶೀಲಿಸಿ. ಕನಿಷ್ಠ ಎರಡು ಆಯ್ಕೆಗಳನ್ನು ಹೋಲಿಸಿ. ಒಂದನ್ನು ಕಾರಣ ಸಹಿತ ಶಿಫಾರಸು ಮಾಡಿ. ಅನುಬಂಧ ಬಿಟ್ಟು 3000 ಪದ." ಒಟ್ಟು 50 ಅಂಕ. ರೂಬ್ರಿಕ್‌ನಲ್ಲಿ ಐದು ಸಾಲು: ಸಮಸ್ಯೆ ಮತ್ತು ಹಿನ್ನೆಲೆಗೆ 8, ಮಾಹಿತಿ ಸಂಗ್ರಹ ಮತ್ತು ವಿಧಾನಕ್ಕೆ 12, ವಿಶ್ಲೇಷಣೆ ಮತ್ತು ಹೋಲಿಕೆಗೆ 16, ಶಿಫಾರಸು ಮತ್ತು ಮಿತಿಗಳಿಗೆ 8, ಬರವಣಿಗೆ ಮತ್ತು ಉಲ್ಲೇಖಗಳಿಗೆ 6.

ಈಗ ಬ್ರೀಫ್‌ನಲ್ಲಿ ಏನು ಮಾಡಿ ಅಂತ ಕೇಳಿದ್ದಾರೋ ಅದರ ಕೆಳಗೆ ಗೆರೆ ಎಳೆಯಿರಿ. ಪರಿಶೀಲಿಸಿ, ಹೋಲಿಸಿ, ಶಿಫಾರಸು ಮಾಡಿ. ಮಳೆನೀರು ಕೊಯ್ಲು ಅಂದರೆ ಏನು ಅಂತ ವಿವರಿಸಿ ಅಂತ ಎಲ್ಲೂ ಇಲ್ಲ, ಗಮನಿಸಿ. ಆದರೆ ಸೀನಿಯರ್ ಪರಿವಿಡಿ ಹಿಡಿದು ಹೊರಟ ಟೀಮ್ ಏನು ಮಾಡುತ್ತದೆ? ಜಗತ್ತಿನಲ್ಲಿ ನೀರಿನ ಕೊರತೆ, ಭಾರತದಲ್ಲಿ ನೀರಿನ ಕೊರತೆ, ಆಮೇಲೆ ಕರ್ನಾಟಕದಲ್ಲಿ, ಆಮೇಲೆ ಮಳೆನೀರು ಕೊಯ್ಲಿನ ಇತಿಹಾಸ, ಅದರ ವಿಧಗಳು. ಇಷ್ಟಕ್ಕೇ 1200 ಪದ ಹೋಗುತ್ತದೆ. ಆ ಸಾಲಿಗೆ ಇರುವುದು 8 ಅಂಕ. 3000 ಪದವನ್ನು 50 ಅಂಕಕ್ಕೆ ಭಾಗಿಸಿದರೆ ಒಂದು ಅಂಕಕ್ಕೆ 60 ಪದ, ಅಂದರೆ ಹಿನ್ನೆಲೆಗೆ ಸುಮಾರು 480 ಪದ ಸಾಕು. ಉಳಿದದ್ದನ್ನು ಎಷ್ಟೇ ಚೆನ್ನಾಗಿ ಬರೆದರೂ ಎಂಟು ಅಂಕದ ಮೇಲೆ ಒಂಬತ್ತನೆಯದು ಬರುವುದಿಲ್ಲ. ಅತ್ತ 16 ಅಂಕದ ಹೋಲಿಕೆಗೆ ಪದಮಿತಿಯಲ್ಲಿ ಜಾಗವೇ ಉಳಿದಿರುವುದಿಲ್ಲ, ಎರಡು ಪ್ಯಾರಾದಲ್ಲಿ ತೇಲಿಸಿಬಿಡುತ್ತಾರೆ.

ಅಂಕ ನೋಡಿ ಜಾಗ ಹಂಚುವುದು ಸುಲಭದ ಭಾಗ. ನಿಜವಾದ ವಿಷಯ ಇರುವುದು ರೂಬ್ರಿಕ್‌ನ ಅಡ್ಡ ಸಾಲಿನಲ್ಲಿ, ಪ್ರತಿ ಹಂತಕ್ಕೂ ಬರೆದಿರುವ ಆ ಸಣ್ಣ ಅಕ್ಷರದ ವಾಕ್ಯಗಳಲ್ಲಿ. ಬಹಳ ಜನ ಅಂಕ ಮಾತ್ರ ನೋಡಿ ಬಿಟ್ಟುಬಿಡುತ್ತಾರೆ. ನಮ್ಮ ಹೋಲಿಕೆಯ ಸಾಲು ತೆಗೆದುಕೊಳ್ಳಿ. 9ರಿಂದ 12 ಅಂಕದ ಕೋಣೆಯಲ್ಲಿ "ಎರಡೂ ಆಯ್ಕೆಗಳನ್ನು ವಿವರಿಸಿ, ಸ್ವಲ್ಪ ಮಟ್ಟಿಗೆ ಹೋಲಿಸಿದ್ದಾರೆ" ಅಂತಿದೆ. ಪಕ್ಕದ 13ರಿಂದ 16ರ ಕೋಣೆಯಲ್ಲಿ "ಮೊದಲೇ ಹೇಳಿದ ಮಾನದಂಡಗಳ ಮೇಲೆ, ಸ್ವಂತ ಅಳತೆಗಳನ್ನು ಬಳಸಿ ಹೋಲಿಸಿದ್ದಾರೆ, ಲೆಕ್ಕ ಎಷ್ಟು ಬದಲಾಗಬಹುದು ಎಂದು ಚರ್ಚಿಸಿದ್ದಾರೆ" ಅಂತಿದೆ. ಈ ಎರಡು ಕೋಣೆಗಳನ್ನು ಪಕ್ಕಪಕ್ಕ ಇಟ್ಟು ಓದಿ, ಎರಡನೆಯದರಲ್ಲಿ ಹೊಸದಾಗಿ ಏನು ಬಂದಿದೆ ಅಂತ ನೋಡಿ. ಮಾನದಂಡ ಮೊದಲೇ ಹೇಳಬೇಕು. ಅಳತೆ ನಿಮ್ಮದೇ ಆಗಿರಬೇಕು. ಲೆಕ್ಕ ಎಷ್ಟು ಆಚೀಚೆ ಆಗುತ್ತದೆ ಅಂತ ಹೇಳಬೇಕು. ಈ ಮೂರರಲ್ಲಿ ಮೊದಲ ಎರಡನ್ನೂ ಕೊನೆಯ ವಾರದಲ್ಲಿ ಬರವಣಿಗೆ ತಿದ್ದಿ ತರಲು ಆಗುವುದಿಲ್ಲ.

ಹೇಗೆ ಅಂತ ನೋಡೋಣ. ಚಾವಣಿ 800 ಚದರ ಮೀಟರ್ ಅಂದುಕೊಳ್ಳಿ. ವರ್ಷಕ್ಕೆ 900 ಮಿಲಿಮೀಟರ್ ಮಳೆ. ಕಾಂಕ್ರೀಟ್ ಚಾವಣಿ, ಬಿದ್ದ ನೀರಿನಲ್ಲಿ 80 ಪರ್ಸೆಂಟ್ ಪೈಪಿಗೆ ಬರುತ್ತದೆ ಅಂತ ಹಿಡಿಯೋಣ. 800 ಗುಣಿಸು 0.9 ಗುಣಿಸು 0.8, ಅಂದರೆ 576 ಘನ ಮೀಟರ್, 5,76,000 ಲೀಟರ್. ಕಟ್ಟಡದಲ್ಲಿ ದಿನಕ್ಕೆ 300 ಜನ, ತಲೆಗೆ 45 ಲೀಟರ್, ದಿನಕ್ಕೆ 13,500 ಲೀಟರ್ ಬೇಕು. ಭಾಗಿಸಿದರೆ ಸುಮಾರು 43 ದಿನದ ನೀರು. ಬಹಳಷ್ಟು ರಿಪೋರ್ಟ್‌ಗಳು ಇಲ್ಲಿಗೇ ನಿಂತು "ಆದ್ದರಿಂದ ಯೋಜನೆ ಸಾಧ್ಯ" ಅಂತ ಬರೆದು ಮುಗಿಸುತ್ತವೆ.

ಆದರೆ ಬ್ರೀಫ್ ಕೇಳಿದ್ದು ಎರಡು ಆಯ್ಕೆಗಳ ಹೋಲಿಕೆ. ಒಂದು 50,000 ಲೀಟರಿನ ತೊಟ್ಟಿ, ಇನ್ನೊಂದು ಇಂಗುಗುಂಡಿ ಅಂತ ಇಟ್ಟುಕೊಳ್ಳಿ. ಇದೇ ಚಾವಣಿಗೆ ಸುಮಾರು 78 ಮಿಲಿಮೀಟರ್ ಮಳೆ ಬಿದ್ದರೆ ಖಾಲಿ ತೊಟ್ಟಿ ತುಂಬುತ್ತದೆ. ತುಂಬಿದ ತೊಟ್ಟಿ ನಾಲ್ಕು ದಿನಕ್ಕೂ ಮೊದಲೇ ಖಾಲಿ. ಜೋರು ಮಳೆಯ ವಾರದಲ್ಲಿ ತುಂಬಿ ಹರಿದು ಹೋದ ನೀರು ಬೇಸಿಗೆಗೆ ಸಿಗುವುದಿಲ್ಲ. ಹಾಗಾಗಿ ವರ್ಷದ ಒಟ್ಟು ಮಳೆ ಇಟ್ಟುಕೊಂಡು ತೊಟ್ಟಿಯ ಬಗ್ಗೆ ಏನೂ ಹೇಳಲು ಬರುವುದಿಲ್ಲ, ಕನಿಷ್ಠ ತಿಂಗಳವಾರು ಮಳೆ ಬೇಕು, ದಿನವಾರು ಸಿಕ್ಕರೆ ಇನ್ನೂ ಒಳ್ಳೆಯದು. ಇಂಗುಗುಂಡಿಗೆ ಬೇರೆಯದೇ ಪ್ರಶ್ನೆ: ನಿಮ್ಮ ಮಣ್ಣು ಎಷ್ಟು ಬೇಗ ನೀರು ಕುಡಿಯುತ್ತದೆ? ಅದಕ್ಕೆ ಗುಂಡಿ ತೋಡಿ, ನೀರು ತುಂಬಿ, ಮಟ್ಟ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಬೇಕು. ಕ್ಯಾಂಪಸ್‌ನಲ್ಲಿ ಗುಂಡಿ ತೋಡಲು ಅನುಮತಿ ಪತ್ರ ಬೇಕು. ಚಾವಣಿ ಹತ್ತಿ ಟೇಪ್ ಹಿಡಿಯಲೂ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಬೇಕು. ಮಳೆ ಅಂಕಿ ಬೇಕಾದರೆ ಹವಾಮಾನ ಇಲಾಖೆಯದ್ದೋ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದೋ ಹುಡುಕಿ ಕೂರಬೇಕು. "ಸ್ವಂತ ಅಳತೆ" ಅನ್ನುವ ಎರಡು ಪದದ ಹಿಂದೆ ಇಷ್ಟು ದಿನಗಳ ಓಡಾಟ ಇದೆ. ರೂಬ್ರಿಕ್ ಮೊದಲ ವಾರ ಓದಿದವರಿಗೆ ಅನುಮತಿ ಪತ್ರ ಮೊದಲ ವಾರವೇ ಕೊಡಬೇಕು ಅಂತ ಗೊತ್ತಾಗುತ್ತದೆ. ಬೈಂಡಿಂಗ್ ರಾತ್ರಿ ಓದಿದವರು ಇಂಟರ್ನೆಟ್‌ನಿಂದ ಯಾವುದೋ ಊರಿನ ಮಣ್ಣಿನ ಅಂಕಿ ತಂದು ಹಾಕುತ್ತಾರೆ. ಮೌಲ್ಯಮಾಪನ ಮಾಡುವವರಿಗೆ ಅದು ಗೊತ್ತಾಗದೇ ಇರುತ್ತದಾ? ನಿಮ್ಮ ಕ್ಯಾಂಪಸ್ಸಿನ ಮಣ್ಣಿನ ಮೇಲೆ ಅವರೂ ದಿನಾ ಓಡಾಡುತ್ತಾರೆ.

ಲೆಕ್ಕ ಆಚೀಚೆ ಆಗುವ ಭಾಗ ಅಷ್ಟು ಕಷ್ಟವೇನಲ್ಲ. ಆ 80 ಪರ್ಸೆಂಟನ್ನು 70 ಮಾಡಿ ನೋಡಿ, 5,04,000 ಲೀಟರ್ ಆಗುತ್ತದೆ. 43 ದಿನ ಇದ್ದದ್ದು 37ಕ್ಕೆ ಇಳಿಯುತ್ತದೆ. ಇಷ್ಟು ಬದಲಾದರೂ ನಿಮ್ಮ ಶಿಫಾರಸು ಅದೇ ಇರುತ್ತದಾ, ಇಲ್ಲವಾ? ಆ ಎರಡು ಸಾಲು ಬರೆದರೆ ಮೇಲಿನ ಕೋಣೆಯಲ್ಲಿ ಕೇಳಿದ್ದ ಮೂರನೆಯ ವಿಷಯವೂ ಬಂತು. ಆದರೆ ಅದು ಬೇಕು ಅಂತ ಗೊತ್ತಿದ್ದರೆ ತಾನೇ ಬರೆಯುವುದು.

ಇಲ್ಲಿ ಒಂದು ಎಚ್ಚರ. ಅಂಕಕ್ಕೆ 60 ಪದ ಅನ್ನುವ ಲೆಕ್ಕವನ್ನು ಕಣ್ಣು ಮುಚ್ಚಿ ಎಲ್ಲದಕ್ಕೂ ಹಾಕಬೇಡಿ. ಮಾಹಿತಿ ಸಂಗ್ರಹಕ್ಕೆ 12 ಅಂಕ ಇದೆ ಅಂತ 720 ಪದ ಎಳೆಯಬೇಕಾಗಿಲ್ಲ. ಅಲ್ಲಿ ಅಂಕ ಸಿಗುವುದು ಅಳತೆ ಮಾಡಿದ್ದಕ್ಕೆ, ಹೇಗೆ ಮಾಡಿದಿರಿ ಅಂತ ಸ್ಪಷ್ಟವಾಗಿ ಹೇಳಿದ್ದಕ್ಕೆ. ಒಂದು ಸ್ಕೆಚ್, ಒಂದು ಟೇಬಲ್, 400 ಪದದಲ್ಲಿ ಮುಗಿಯಬಹುದು. ಅಲ್ಲಿ ಹಂಚಬೇಕಾದ್ದು ದಿನಗಳನ್ನು. ಬರವಣಿಗೆಯ 6 ಅಂಕಕ್ಕಂತೂ ಬೇರೆ ಅಧ್ಯಾಯವೇ ಇಲ್ಲ. ಇವೆರಡರಲ್ಲಿ ಉಳಿದ ಪದಗಳನ್ನು ಹೋಲಿಕೆಗೂ ಶಿಫಾರಸಿಗೂ ಕೊಡಿ.

ಕೆಲಸ ಹಂಚಿಕೊಳ್ಳುವ ರೀತಿಯೂ ಇದರಿಂದ ಬದಲಾಗುತ್ತದೆ. ವಿಟಿಯು ಪ್ರಾಜೆಕ್ಟ್ ಕೆಲಸಕ್ಕೆ ಆಂತರಿಕ ಅಂಕ ಕೊಡುವಾಗ ರಿಪೋರ್ಟ್, ಪ್ರೆಸೆಂಟೇಷನ್, ಪ್ರಶ್ನೋತ್ತರ ಮೂರನ್ನೂ 50:25:25 ಅನುಪಾತದಲ್ಲಿ ನೋಡಬೇಕು ಅಂತ ಸಿಲೆಬಸ್‌ನಲ್ಲೇ ಇದೆ. ನಿಮ್ಮ ಸ್ಕೀಮ್‌ನಲ್ಲಿ ಏನಿದೆ ಅಂತ ತೆಗೆದು ನೋಡಿ. ಅರ್ಧದಷ್ಟು ಅಂಕ ರಿಪೋರ್ಟಿನ ಹೊರಗಿದೆ, ಅಲ್ವಾ? ಲಿಟರೇಚರ್ ಸರ್ವೆ ಮಾತ್ರ ಬರೆದವನಿಗೆ "ಈ 0.8 ಯಾಕೆ ಹಿಡಿದಿರಿ" ಅಂತ ಕೇಳಿದರೆ ಅವನು ಪಕ್ಕದವನ ಮುಖ ನೋಡುತ್ತಾನೆ. ಅದಕ್ಕೇ ಅಧ್ಯಾಯದ ಲೆಕ್ಕದಲ್ಲಿ ಹಂಚಬೇಡಿ ಅನ್ನುತ್ತೇನೆ. ಚಾವಣಿ ಅಳೆಯಲು ನಾಲ್ಕೂ ಜನ ಹತ್ತಿ. ಒಬ್ಬರು ತೊಟ್ಟಿಯನ್ನು ಮೊದಲಿಂದ ಕೊನೆವರೆಗೆ ನೋಡಿಕೊಳ್ಳಲಿ, ಇನ್ನೊಬ್ಬರು ಇಂಗುಗುಂಡಿಯನ್ನು, ಆಮೇಲೆ ಒಬ್ಬರ ಲೆಕ್ಕ ಇನ್ನೊಬ್ಬರು ತಪ್ಪು ಹುಡುಕಿ ನೋಡಲಿ.

ಇನ್ನು ಬ್ರೀಫೂ ರೂಬ್ರಿಕ್ಕೂ ಒಂದಕ್ಕೊಂದು ಹೊಂದದ ಜಾಗ ಇರುತ್ತದೆ, ಹುಡುಕಿದರೆ ಖಂಡಿತ ಒಂದಾದರೂ ಸಿಗುತ್ತದೆ. ನಮ್ಮ ಉದಾಹರಣೆಯಲ್ಲೇ ನೋಡಿ. ಅನುಬಂಧ ಬಿಟ್ಟು 3000 ಪದ ಅಂತ ಬ್ರೀಫ್ ಹೇಳುತ್ತದೆ. ಮಾಹಿತಿ ಸಂಗ್ರಹದ ಸಾಲಿನಲ್ಲಿ "ಮೂಲ ಅಳತೆಗಳನ್ನು ತೋರಿಸಿದ್ದಾರೆ" ಅಂತ ರೂಬ್ರಿಕ್ ಕೇಳುತ್ತದೆ ಅಂದುಕೊಳ್ಳಿ. ಅಳತೆಯ ಟೇಬಲ್ ಅನುಬಂಧದಲ್ಲಿ ಹಾಕಿದರೆ ಅದಕ್ಕೆ ಅಂಕ ಇದೆಯಾ? ಊಹೆ ಮಾಡಬೇಡಿ, ಗೈಡ್‌ಗೆ ಮೇಲ್ ಹಾಕಿ. "ಸರ್, ಬ್ರೀಫ್ ಸ್ವಲ್ಪ ಅರ್ಥ ಆಗಲಿಲ್ಲ" ಅಂತ ಬರೆದರೆ "ಸರಿಯಾಗಿ ಓದ್ರಪ್ಪಾ" ಅಂತ ಉತ್ತರ ಬರುತ್ತದೆ, ಅದರಲ್ಲಿ ಅವರ ತಪ್ಪೂ ಇಲ್ಲ. ಹೀಗೆ ಬರೆಯಿರಿ: "ಸರ್, ಮಣ್ಣಿನ ಪರೀಕ್ಷೆಯ ಎಲ್ಲಾ ರೀಡಿಂಗ್ ಅನುಬಂಧದಲ್ಲಿ ಹಾಕಿ, ಸರಾಸರಿ ಮಾತ್ರ ಮುಖ್ಯ ಭಾಗದಲ್ಲಿ ಕೊಡಬೇಕೆಂದಿದ್ದೇವೆ. ಅನುಬಂಧದ ಟೇಬಲ್ ಎರಡನೇ ಸಾಲಿನ ಮೌಲ್ಯಮಾಪನಕ್ಕೆ ಬರುತ್ತದೆಯೇ, ಅಥವಾ ಟೇಬಲ್ ಮುಖ್ಯ ಭಾಗದಲ್ಲೇ ಇರಬೇಕೇ?" ಇದಕ್ಕೆ ಅವರು ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು. ಆ ಸಾಲನ್ನು ಗ್ರೂಪಿನಲ್ಲಿ ಹಾಕಿ ಇಟ್ಟುಕೊಳ್ಳಿ.

ಅಧ್ಯಾಪಕರಿಗೂ ಒಂದು ಮಾತು. ರೂಬ್ರಿಕ್ ಅನ್ನು ಬ್ರೀಫ್ ಜೊತೆಗೇ, ಅದೇ ದಿನ ಕೊಡಿ. ಕೆಲವು ಕಡೆ ಅದು ಅಕ್ರೆಡಿಟೇಷನ್ ಫೈಲಿನಲ್ಲಿ ಮಾತ್ರ ಇರುತ್ತದೆ, ವಿದ್ಯಾರ್ಥಿಗಳ ಕೈಗೆ ಬರುವುದೇ ಇಲ್ಲ. ಕೊಟ್ಟರೂ "ಅತ್ಯುತ್ತಮ, ಉತ್ತಮ, ಸಾಧಾರಣ" ಅಂತಷ್ಟೇ ಬರೆದಿದ್ದರೆ ಓದುವುದಕ್ಕೆ ಏನಿದೆ ಅದರಲ್ಲಿ? ಆ ಕೋಣೆಯಿಂದ ಈ ಕೋಣೆಗೆ ಬರಲು ಹೆಚ್ಚುವರಿ ಏನು ಮಾಡಬೇಕು ಅಂತ ಬರೆಯಿರಿ. ಸಾಧ್ಯವಾದರೆ ಮೊದಲ ರಿವ್ಯೂಗೆ ಅರ್ಧ ಗಂಟೆ ಮುಂಚೆ ಬಂದು, ಹೆಸರು ತೆಗೆದ ಒಂದು ಹಳೆಯ ರಿಪೋರ್ಟನ್ನು ಅದೇ ರೂಬ್ರಿಕ್ ಹಿಡಿದು ವಿದ್ಯಾರ್ಥಿಗಳ ಕೈಯಲ್ಲೇ ಅಂಕ ಹಾಕಿಸಿ. ಹೋಲಿಕೆಯ ಸಾಲಿಗೆ ಅವರು ಎಷ್ಟು ಕೊಟ್ಟರು, ನೀವು ಎಷ್ಟು ಕೊಟ್ಟಿದ್ದಿರಿ, ವ್ಯತ್ಯಾಸ ಯಾಕೆ ಬಂತು ಅಂತ ಅಲ್ಲೇ ಮಾತಾಡಿ. ಸೀನಿಯರ್ ರಿಪೋರ್ಟ್ ಹೇಗಿದ್ದರೂ ಅವರ ಫೋನಿನಲ್ಲಿ ಇದ್ದೇ ಇರುತ್ತದೆ, ಅದನ್ನು ಓದುವುದಾದರೆ ಹೀಗೆ ಓದಲಿ.